"ಪ್ರಾಬಬ್ಲಿ" ಅಂದರೆ ಎಷ್ಟು? ಸ್ತನದ ಸ್ಕ್ಯಾನ್ ರಿಪೋರ್ಟನ್ನು ಒಬ್ಬರೇ ಓದಿಕೊಂಡವರ ಪ್ರಕರಣ

ಗುರುತು ಸಿಗದಂತೆ ಊರು, ಕೆಲಸ, ಕುಟುಂಬದ ವಿವರಗಳನ್ನು ಬದಲಿಸಿದ್ದೇನೆ. ಬಂದವರನ್ನು ಇಲ್ಲಿ ಲತಾ ಎಂದು ಕರೆಯುತ್ತೇನೆ. ವಯಸ್ಸು 28, ಖಾಸಗಿ ಶಾಲೆಯಲ್ಲಿ ಶಿಕ್ಷಕಿ. ಗಂಡ ಬೇರೆ ಊರಿನಲ್ಲಿ ಕೆಲಸದಲ್ಲಿದ್ದರು, ಮನೆಯಲ್ಲಿ ಅತ್ತೆ ಮತ್ತು ಮೂರು ವರ್ಷದ ಮಗ.

ಸ್ನಾನ ಮಾಡುವಾಗ ಎಡ ಸ್ತನದಲ್ಲಿ ಸಣ್ಣ ಗಂಟು ಕೈಗೆ ಸಿಕ್ಕಿತ್ತು. ಸ್ತ್ರೀರೋಗ ತಜ್ಞೆ ಕೈಯಿಂದ ಪರೀಕ್ಷಿಸಿ ಅಲ್ಟ್ರಾಸೌಂಡ್ ಮಾಡಿಸಲು ಹೇಳಿದ್ದರು. ಮೂವತ್ತರೊಳಗಿನ ಹೆಂಗಸರಲ್ಲಿ ಗಂಟು ಸಿಕ್ಕರೆ ಮೊದಲು ಅಲ್ಟ್ರಾಸೌಂಡ್ ಮಾಡುವುದೇ ರೂಢಿ. ಶುಕ್ರವಾರ ಸಂಜೆ ರಿಪೋರ್ಟ್ ಮೊಬೈಲಿಗೆ ಬಂತು. ಡಾಕ್ಟರನ್ನು ಕಾಣುವುದು ಮಂಗಳವಾರ. ನಡುವಿನ ದಿನಗಳಲ್ಲಿ ಲತಾ ರಿಪೋರ್ಟಿನ ಒಂದೊಂದೇ ಪದವನ್ನು ಹುಡುಕಿ ಓದಿದರು. "ಲೀಷನ್" ಜೊತೆ "ಸ್ತನ" ಅಂತ ಟೈಪ್ ಮಾಡಿದರೆ ಏನು ಬರುತ್ತದೆ ಎಂದು ಬೇರೆ ಹೇಳಬೇಕಾಗಿಲ್ಲ. ಸೋಮವಾರ ಬೆಳಗ್ಗೆ ನನ್ನ ಮುಂದೆ ಕೂತಾಗ ಅವರು ಕೇಳಿದ ಮೊದಲ ಮಾತು ಇದು: "ಮೇಡಂ, ಮಗನಿಗೆ ಆರು ವರ್ಷ ಆಗುವ ತನಕ ಇರ್ತೀನಾ?"

ರೋಗ ಇದೆ, ಇಲ್ಲ ಎಂದು ಹೇಳುವುದು ನನ್ನ ಕೆಲಸವಲ್ಲ. ಅದನ್ನು ಮೊದಲೇ ಹೇಳಿದೆ. ಆದರೆ ರಿಪೋರ್ಟಿನಲ್ಲಿ ಬರೆದದ್ದು ಏನು ಎಂದು ಓದಿ ಹೇಳಬಹುದು. ಒಪ್ಪಿದರು. ರಿಪೋರ್ಟಿನ ಮುಖ್ಯ ಸಾಲುಗಳು ಹೀಗಿದ್ದವು: ಎಡ ಸ್ತನದಲ್ಲಿ ಗಡಿಯಾರದ 2 ಗಂಟೆಯ ಜಾಗದಲ್ಲಿ, ತೊಟ್ಟಿನಿಂದ 3 ಸೆಂ.ಮೀ. ದೂರದಲ್ಲಿ, 14 x 8 ಮಿ.ಮೀ. ಅಳತೆಯ, ಮೊಟ್ಟೆಯಾಕಾರದ, ಅಂಚು ಸ್ಪಷ್ಟವಾಗಿರುವ, ಚರ್ಮಕ್ಕೆ ಸಮಾನಾಂತರವಾಗಿ ಮಲಗಿರುವ ಹೈಪೋಎಕೋಯಿಕ್ ಲೀಷನ್. ಹಿಂದೆ ನೆರಳಿಲ್ಲ. ಉಳಿದ ಸ್ತನ ಅನ್‌ರಿಮಾರ್ಕಬಲ್. ಕಂಕುಳಲ್ಲಿ ಗಮನಿಸಬೇಕಾದಷ್ಟು ಗ್ರಂಥಿಗಳ ಊತವಿಲ್ಲ. ಕೊನೆಗೆ ಇಂಪ್ರೆಷನ್: ಬೈ-ರಾಡ್ಸ್ 3, ಪ್ರಾಬಬ್ಲಿ ಬಿನೈನ್, ಅಂದರೆ ಬಹುಶಃ ನಿರುಪದ್ರವಿ, 6 ತಿಂಗಳಿಗೆ ಮತ್ತೆ ಸ್ಕ್ಯಾನ್.

ಲತಾ ಇದರಲ್ಲಿ ನಾಲ್ಕು ಪದಗಳಿಗೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆದುಕೊಂಡು ಬಂದಿದ್ದರು. ಹೈಪೋಎಕೋಯಿಕ್, ಲೀಷನ್, ಅನ್‌ರಿಮಾರ್ಕಬಲ್, ಪ್ರಾಬಬ್ಲಿ. ಅಂಚು, ಆಕಾರ, ಮಲಗಿರುವ ರೀತಿ, ಇವಕ್ಕೆ ಗೆರೆಯೇ ಇರಲಿಲ್ಲ. ಅವು ಸುಲಭವಾದ ಇಂಗ್ಲಿಷ್ ಪದಗಳು, ಹಾಗಾಗಿ ಭಯ ಹುಟ್ಟಿಸಲಿಲ್ಲ. ಆದರೆ ರೇಡಿಯಾಲಜಿಸ್ಟ್ ತೀರ್ಮಾನ ಮಾಡಿದ್ದೇ ಆ ಸುಲಭ ಪದಗಳಿಂದ.

ಮೊದಲು ಅನ್‌ರಿಮಾರ್ಕಬಲ್ ತೆಗೆದುಕೊಂಡೆ. "ಚೆನ್ನಾಗಿಲ್ಲ ಅಂತ ತಾನೇ?" ಎಂದರು. ಶಾಲೆಯಲ್ಲಿ ಮಕ್ಕಳ ಪ್ರಗತಿಪತ್ರ ಬರೆಯುವವರು ಅವರು, ಆ ಪದ ಅಲ್ಲಿ ಹೊಗಳಿಕೆಯಲ್ಲ, ನಿಜ. ರಿಪೋರ್ಟಿನಲ್ಲಿ ಅದರ ಅರ್ಥ, ನೋಡಿದೆ, ಬರೆಯುವಂಥದ್ದು ಏನೂ ಸಿಗಲಿಲ್ಲ ಅಂತ. ರೋಗಿಗೆ ಬೇಕಾದ ಒಳ್ಳೆಯ ಸುದ್ದಿಯೇ ಅದು.

ಲೀಷನ್ ಅಂದಾಗ ಅವರು ಗಡ್ಡೆ, ಹುಣ್ಣು, ಕ್ಯಾನ್ಸರ್ ಎಲ್ಲವನ್ನೂ ಒಟ್ಟಿಗೆ ಅಂದುಕೊಂಡಿದ್ದರು. ಸುತ್ತಲಿನ ಅಂಗಾಂಶಕ್ಕಿಂತ ಬೇರೆಯಾಗಿ ಕಾಣುವ ಯಾವುದೇ ಜಾಗಕ್ಕೂ ಲೀಷನ್ ಎನ್ನುತ್ತಾರೆ. ನೀರು ತುಂಬಿದ ಸಿಸ್ಟ್ ಕೂಡ ಲೀಷನ್, ಹಳೆಯ ಗಾಯದ ಕಲೆ ಕೂಡ ಲೀಷನ್, ಕ್ಯಾನ್ಸರ್ ಕೂಡ ಲೀಷನ್. ಯಾವುದು ಎಂದು ಹೇಳುವ ಮೊದಲು, ಅಲ್ಲೊಂದು ಏನೋ ಇದೆ ಎಂದು ಹೆಸರಿಡದೆ ಹೇಳುವ ರೀತಿ ಅದು. ಅವರಿಗೆ ಮೊದಲೇ ಗೊತ್ತಿದ್ದ ವಿಷಯವೇ ಇದು. ಕೈಗೆ ಗಂಟು ಸಿಕ್ಕಿತ್ತು, ಸ್ಕ್ಯಾನ್ ಹೌದು ಎಂದಿತು, ಅಷ್ಟೇ.

ಹೈಪೋಎಕೋಯಿಕ್ ಬಗ್ಗೆ ಸ್ವಲ್ಪ ಹೆಚ್ಚು ಹೊತ್ತು ಕೂತೆವು. ಅಲ್ಟ್ರಾಸೌಂಡ್ ಯಂತ್ರ ದೇಹದೊಳಗೆ ಶಬ್ದದ ಅಲೆ ಕಳಿಸುತ್ತದೆ. ವಾಪಸ್ ಬಂದ ಮಾರ್ದನಿಯಿಂದ ಚಿತ್ರ ಮಾಡುತ್ತದೆ. ಮಾರ್ದನಿ ಜಾಸ್ತಿ ಬಂದ ಕಡೆ ಬಿಳಿ, ಕಡಿಮೆ ಬಂದ ಕಡೆ ಬೂದು, ಏನೂ ಬರದ ಕಡೆ ಪೂರ್ತಿ ಕಪ್ಪು. ಸ್ತನದಲ್ಲಿ ಹೋಲಿಸಿ ನೋಡುವುದು ಅಲ್ಲಿನ ಕೊಬ್ಬಿನ ಜೊತೆ. ಕೊಬ್ಬಿಗಿಂತ ಕಪ್ಪಗೆ ಕಂಡರೆ ಹೈಪೋಎಕೋಯಿಕ್. ಪೂರ್ತಿ ಕಪ್ಪಾದರೆ ಅನ್‌ಎಕೋಯಿಕ್, ಅದು ಸಾಮಾನ್ಯವಾಗಿ ನೀರು. ಅಂದರೆ ಇದು ಬಣ್ಣದ ಪದ. ಹರೆಯದಲ್ಲಿ, ಇಪ್ಪತ್ತರ ಹತ್ತಿರ ಹೆಚ್ಚಾಗಿ ಕಾಣುವ ಫೈಬ್ರೋಅಡಿನೋಮಾ ಎಂಬ ನಿರುಪದ್ರವಿ ಗಂಟು ಹೈಪೋಎಕೋಯಿಕ್ ಆಗಿಯೇ ಕಾಣುತ್ತದೆ. ಸ್ತನದ ಕ್ಯಾನ್ಸರ್ ಕೂಡ ಸಾಮಾನ್ಯವಾಗಿ ಹೈಪೋಎಕೋಯಿಕ್. ಎರಡರಲ್ಲೂ ಇರುವ ಗುಣ ಒಂದರ ಪರವಾಗಿ ಸಾಕ್ಷಿ ಹೇಳಲಾರದು. ಹುಡುಕಿದಾಗ ಕ್ಯಾನ್ಸರಿನ ಪುಟಗಳು ಬಂದವು ಎಂದರೆ ಅದರಲ್ಲಿ ಸುಳ್ಳೇನೂ ಇಲ್ಲ. ಆದರೆ ಆ ಪುಟಗಳಲ್ಲಿ ಲತಾ ಅವರ ಉಳಿದ ಮೂರು ಸಾಲು ಇರಲಿಲ್ಲ.

ಆ ಮೂರು ಸಾಲಿಗೆ ನಾನು ನೀಲಿ ಪೆನ್ನಿನಲ್ಲಿ ಗೆರೆ ಎಳೆದೆ. ಮೊಟ್ಟೆಯಾಕಾರ. ಸ್ಪಷ್ಟ ಅಂಚು. ಎತ್ತರಕ್ಕಿಂತ ಅಗಲ ಜಾಸ್ತಿ, ಅಂದರೆ ಚರ್ಮಕ್ಕೆ ಸಮಾನಾಂತರ. ಈ ಮೂರೂ ಒಟ್ಟಿಗೆ ಬಂದಾಗ ರೇಡಿಯಾಲಜಿಸ್ಟ್‌ಗಳಿಗೆ ಫೈಬ್ರೋಅಡಿನೋಮಾ ನೆನಪಾಗುತ್ತದೆ. ಅನುಮಾನ ಹುಟ್ಟಿಸುವ ಚಿತ್ರ ಬೇರೆ: ಅಂಚು ಮುಳ್ಳುಮುಳ್ಳಾಗಿ ಅಥವಾ ಮಸುಕಾಗಿ ಇರುವುದು, ಗಂಟು ಅಗಲಕ್ಕಿಂತ ಎತ್ತರವಾಗಿ ನಿಂತಿರುವುದು, ಹಿಂದೆ ಕಪ್ಪು ನೆರಳು ಬೀಳುವುದು. ಲತಾ ಅವರ ರಿಪೋರ್ಟಿನಲ್ಲಿ ಇವ್ಯಾವುದೂ ಇರಲಿಲ್ಲ. ನೆರಳಿಲ್ಲ ಎಂದು ಬರೆದಿತ್ತು ಕೂಡ.

ಇಷ್ಟಾದ ಮೇಲೆ ಅವರು ಕೊನೆಯ ಸಾಲಿಗೆ ಬೆರಳಿಟ್ಟರು. "ಹಾಗಾದ್ರೆ ಬಿನೈನ್ ಅಂತ ನೇರವಾಗಿ ಬರೀಬಹುದಿತ್ತಲ್ವಾ? ಪ್ರಾಬಬ್ಲಿ ಯಾಕೆ? ಅವರಿಗೇ ಗೊತ್ತಿಲ್ಲ ಅಂತಾನಾ?"

ಈ ಪ್ರಕರಣದಲ್ಲಿ ನಿಜವಾದ ಗಂಟು ಇದೇ ಪದದಲ್ಲಿತ್ತು. ನಾವು ಮಾತಿನಲ್ಲಿ "ಬಹುಶಃ" ಎಂದರೆ ಅರ್ಧಂಬರ್ಧ ಖಾತ್ರಿ. ಬೈ-ರಾಡ್ಸ್‌ನಲ್ಲಿ ಹಾಗಲ್ಲ. ಇದು ಅಮೆರಿಕದ ರೇಡಿಯಾಲಜಿ ವೈದ್ಯರ ಸಂಘ ಮಾಡಿದ ಪದ್ಧತಿ, ನಮ್ಮ ಸ್ಕ್ಯಾನ್ ಸೆಂಟರ್‌ಗಳೂ ಅದನ್ನೇ ಬಳಸುತ್ತವೆ. ಅದರಲ್ಲಿ ಪ್ರತಿ ಅಂಕಿಗೂ ಒಂದು ಅಳತೆ ಇದೆ. 2 ಎಂದರೆ ಬಿನೈನ್, ಕ್ಯಾನ್ಸರಿನ ಸಾಧ್ಯತೆ ಇಲ್ಲ ಎಂದೇ ಲೆಕ್ಕ. 3 ಎಂದರೆ ಪ್ರಾಬಬ್ಲಿ ಬಿನೈನ್, ಸಾಧ್ಯತೆ ನೂರಕ್ಕೆ 2ಕ್ಕಿಂತ ಹೆಚ್ಚಿಲ್ಲ. 4 ಎಂದರೆ 2ಕ್ಕಿಂತ ಮೇಲೆ, 95ಕ್ಕಿಂತ ಕೆಳಗೆ. ಬಹಳ ಅಗಲದ ವರ್ಗ ಅದು, ಹಾಗಾಗಿ ಎ, ಬಿ, ಸಿ ಎಂದು ಒಡೆದಿದ್ದಾರೆ, ಅಲ್ಲಿ ಬಯಾಪ್ಸಿ ಹೇಳುತ್ತಾರೆ. 5 ಎಂದರೆ 95 ಮತ್ತು ಮೇಲೆ. ಲತಾ ಅವರ ತಲೆಯಲ್ಲಿ 1ರಿಂದ 5ರ ಏಣಿಯಲ್ಲಿ 3 ಎಂದರೆ ನಡುವಿನ ಮೆಟ್ಟಿಲು, ಅಂದರೆ ಅರ್ಧದಾರಿ. ಅಂಕಿ ನೋಡಿದವರಿಗೆ ಹಾಗೆ ಅನ್ನಿಸುವುದು ಸಹಜ. ಆದರೆ ಈ ಏಣಿಯ ಮೆಟ್ಟಿಲುಗಳು ಸಮ ಅಂತರದಲ್ಲಿಲ್ಲ. 3 ಇರುವುದು ನೆಲಕ್ಕೆ ತೀರಾ ಹತ್ತಿರ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದ್ದು ಬಹಳ ಸರಿಯಾದ ಪ್ರಶ್ನೆ: "ಆ ಇಬ್ಬರಲ್ಲಿ ನಾನೊಬ್ಬಳಾದರೆ? ಆರು ತಿಂಗಳು ಸುಮ್ನೆ ಕಾಯೋದಾ?"

"ಆಗಲ್ಲ ಬಿಡಿ" ಎಂದು ಸಮಾಧಾನ ಹೇಳುವುದು ಸುಲಭ, ನಾನು ಹೇಳಲಿಲ್ಲ. ಕಾಯುವುದರ ಹಿಂದಿನ ಲೆಕ್ಕ ಹೇಳಿದೆ. ನಿರುಪದ್ರವಿ ಗಂಟು ಆರು ತಿಂಗಳಲ್ಲಿ ಹೆಚ್ಚುಕಡಿಮೆ ಹಾಗೇ ಇರುತ್ತದೆ. ಬೇರೆ ಥರದ್ದಾಗಿದ್ದರೆ ಬೆಳೆಯುತ್ತದೆ ಅಥವಾ ಅಂಚು ಬದಲಾಗುತ್ತದೆ. ಉದ್ದದ ಅಳತೆ ಆರು ತಿಂಗಳಲ್ಲಿ ನೂರಕ್ಕೆ 20ಕ್ಕಿಂತ ಜಾಸ್ತಿ ಹೆಚ್ಚಿದರೆ ಸಾಮಾನ್ಯವಾಗಿ ಬಯಾಪ್ಸಿ ಯೋಚಿಸುತ್ತಾರೆ. ಅವರ 14 ಮಿ.ಮೀ.ಗೆ ಅದು ಸುಮಾರು 17 ಮಿ.ಮೀ. ಹಾಗೆ ಸಿಕ್ಕಿದ ಕೆಲವೇ ಕ್ಯಾನ್ಸರ್‌ಗಳು ಸಾಮಾನ್ಯವಾಗಿ ಇನ್ನೂ ಚಿಕಿತ್ಸೆಗೆ ಒಗ್ಗುವ ಹಂತದಲ್ಲೇ ಸಿಗುತ್ತವೆ. ಆ ಅನುಭವದ ಮೇಲೆಯೇ ಈ ಕಾಯುವ ಪದ್ಧತಿ ನಿಂತಿದೆ. 6 ತಿಂಗಳು, 12 ತಿಂಗಳು, ಆಮೇಲೆ 24 ತಿಂಗಳು. ಎರಡು ವರ್ಷ ಬದಲಾಗದೆ ಇದ್ದರೆ 3 ಹೋಗಿ 2 ಆಗುತ್ತದೆ.

ಕಾಯುವುದು ಎಲ್ಲರಿಗೂ ಸರಿಹೋಗುವುದಿಲ್ಲ, ಅದನ್ನೂ ಹೇಳಬೇಕು. ಅಮ್ಮನಿಗೋ ಅಕ್ಕತಂಗಿಗೋ ಚಿಕ್ಕ ವಯಸ್ಸಿನಲ್ಲೇ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಬಂದಿದ್ದರೆ ಡಾಕ್ಟರ ಲೆಕ್ಕ ಬದಲಾಗಬಹುದು. ಸದ್ಯದಲ್ಲೇ ಗರ್ಭಿಣಿಯಾಗುವ ಯೋಚನೆ ಇದ್ದರೂ ಹೇಳಬೇಕು, ಏಕೆಂದರೆ ಆ ಸಮಯದಲ್ಲಿ ಫೈಬ್ರೋಅಡಿನೋಮಾ ಕೂಡ ದೊಡ್ಡದಾಗಬಹುದು, ಆಗ ಗೊಂದಲ. ಮತ್ತೆ ಸ್ಕ್ಯಾನಿಗೆ ಬರಲು ಆಗದವರು, ಕಾಯುವ ಭಯದಲ್ಲೇ ನಿದ್ದೆ ಊಟ ಬಿಟ್ಟವರು, ಈಗಲೇ ಸೂಜಿ ಬಯಾಪ್ಸಿ ಮಾಡಿಸಬಹುದೇ ಎಂದು ಕೇಳಬಹುದು. ಅದು ಅತಿಯಾದ ಬೇಡಿಕೆಯಲ್ಲ. ಜಾಗ ಮರಗಟ್ಟಿಸಿ ಸೂಜಿಯಿಂದ ಸಣ್ಣ ತುಣುಕು ತೆಗೆಯುತ್ತಾರೆ, ಅವತ್ತೇ ಮನೆಗೆ ಹೋಗಬಹುದು. ಲತಾ ಅವರ ಕುಟುಂಬದಲ್ಲಿ ಯಾರಿಗೂ ಹಾಗೆ ಆಗಿರಲಿಲ್ಲ. ಎರಡನೇ ಮಗುವಿನ ಯೋಚನೆ ಮಾತ್ರ ಇತ್ತು, ಅದನ್ನು ಡಾಕ್ಟರಿಗೆ ಹೇಳಿಯೇ ಇರಲಿಲ್ಲ. ಕೇಳಲಿಲ್ಲ, ಹೇಳಲಿಲ್ಲ ಎಂದರು.

ಮಂಗಳವಾರಕ್ಕೆ ಒಂದು ಚೀಟಿ ಬರೆದುಕೊಂಡೆವು. ನಿಮ್ಮ ಕೈಗೆ ಸಿಕ್ಕ ಗಂಟು ಮತ್ತು ಸ್ಕ್ಯಾನಿನ ಚಿತ್ರ ಎರಡೂ ಒಂದೇನಾ? ಮಗುವಿನ ಯೋಚನೆ ಇದೆ, ಕಾಯಬಹುದಾ ಅಥವಾ ಬಯಾಪ್ಸಿ ಒಳ್ಳೆಯದಾ? ಕಾಯುವುದಾದರೆ ಮುಂದಿನ ದಿನಾಂಕ ಯಾವುದು? ಮೊದಲ ಪ್ರಶ್ನೆ ಮುಖ್ಯ. ಕೈಗೆ ಸಿಕ್ಕಿದ್ದು ಒಂದು ಕಡೆ, ಸ್ಕ್ಯಾನಿನಲ್ಲಿ ಬರೆದದ್ದು ಇನ್ನೊಂದು ಕಡೆ ಇದ್ದರೆ ರಿಪೋರ್ಟ್ ಎಷ್ಟೇ ಚೆನ್ನಾಗಿದ್ದರೂ ಕೆಲಸ ಮುಗಿದಿಲ್ಲ. ಜೊತೆಗೆ, ನಡುವೆ ಗಂಟು ಬೇಗ ಬೆಳೆದರೆ, ಚರ್ಮ ಒಳಗೆ ಎಳೆದಂತೆ ಕಂಡರೆ, ತೊಟ್ಟು ಹೊಸದಾಗಿ ಒಳಸರಿದರೆ, ತೊಟ್ಟಿನಿಂದ ರಕ್ತ ಬಂದರೆ ಆರು ತಿಂಗಳ ದಿನಾಂಕ ನೋಡದೆ ಹೋಗಬೇಕು ಎಂದು ಹೇಳಿದೆ. ಗಂಡನಿಗೆ ಅವತ್ತೇ ಫೋನ್ ಮಾಡಿ, ಮಂಗಳವಾರ ಒಬ್ಬರೇ ಹೋಗಬೇಡಿ ಎಂದೂ ಹೇಳಿದೆ. ಡಾಕ್ಟರ ಎದುರು ಭಯದಲ್ಲಿದ್ದವರಿಗೆ ಅರ್ಧ ಮಾತು ಕಿವಿಗೆ ಬೀಳುವುದೇ ಇಲ್ಲ.

ಮಗುವಿನ ಯೋಚನೆ ಇದೆ ಎಂದಾಗ ಡಾಕ್ಟರು ಬಯಾಪ್ಸಿಯನ್ನೇ ಆರಿಸಿಕೊಂಡರು. ಫಲಿತಾಂಶ ಫೈಬ್ರೋಅಡಿನೋಮಾ ಎಂದು ಬಂತು.

ಕೆಲವು ತಿಂಗಳ ನಂತರ ಲತಾ ತಮ್ಮ ನಾದಿನಿಯನ್ನು ಕರೆದುಕೊಂಡು ಬಂದರು. ಅವರ ಥೈರಾಯ್ಡ್ ಸ್ಕ್ಯಾನಿನಲ್ಲೂ ಹೈಪೋಎಕೋಯಿಕ್ ಎಂದಿತ್ತು. "ಅದು ಬರೀ ಬಣ್ಣದ ಪದ, ಏನೂ ಆಗಲ್ಲ ಅಂತ ನಾನೇ ಹೇಳಿದೀನಿ ಮೇಡಂ" ಎಂದರು. ಅಲ್ಲಿ ನಾನು ತಡೆಯಬೇಕಾಯಿತು. ಥೈರಾಯ್ಡಿಗೆ ಟೈ-ರಾಡ್ಸ್ ಎಂಬ ಬೇರೆ ಪದ್ಧತಿ ಇದೆ, ಅದರಲ್ಲಿ ಗಂಟಿನ ಒಂದೊಂದು ಗುಣಕ್ಕೂ ಅಂಕ ಕೊಡುತ್ತಾರೆ. ಹೈಪೋಎಕೋಯಿಕ್‌ಗೆ 2 ಅಂಕ, ಗಂಟು ಪೂರ್ತಿ ಗಟ್ಟಿಯಾಗಿದ್ದರೆ ಇನ್ನೂ 2. ಒಟ್ಟು ಅಂಕ ಮತ್ತು ಗಂಟಿನ ಅಳತೆ ಎರಡನ್ನೂ ನೋಡಿ ಸೂಜಿ ಪರೀಕ್ಷೆ ಬೇಕೋ ಬೇಡವೋ ನಿರ್ಧರಿಸುತ್ತಾರೆ. ನಾದಿನಿಯ ರಿಪೋರ್ಟಿನಲ್ಲಿ ಅಳತೆ ಇತ್ತು, ಟೈ-ರಾಡ್ಸ್ ಅಂಕಿ ಇರಲಿಲ್ಲ. ಸ್ಕ್ಯಾನ್ ಸೆಂಟರಿಗೆ ಫೋನ್ ಮಾಡಿ ಅದನ್ನು ಬರೆಸಿಕೊಂಡು, ಆಮೇಲೆ ಡಾಕ್ಟರ ಹತ್ತಿರ ಹೋಗಿ ಎಂದು ಕಳಿಸಿದೆ.