ಶಿಫ್ಟ್ ಸೀದಾ ತಿರುಗಿದ್ರೆ ಸುಸ್ತು ಕಮ್ಮಿ ಆಗುತ್ತಾ?

ಪ್ರಶ್ನೆ: ನಾನು ನರಸಾಪುರದಲ್ಲಿ ಒಂದು ಕಂಪನೀಲಿ ಇದೀನಿ. ನಮ್ಮಲ್ಲಿ ವಾರಕ್ಕೊಂದ್ಸಲ ಶಿಫ್ಟ್ ಉಲ್ಟಾ ತಿರುಗುತ್ತೆ, ನೈಟ್ ಆದ್ಮೇಲೆ ಸೆಕೆಂಡ್, ಆಮೇಲೆ ಫಸ್ಟ್. ಈಗ ಸೀದಾ ಮಾಡ್ತೀವಿ, ಫಸ್ಟ್ ಸೆಕೆಂಡ್ ನೈಟ್ ಅಂತಿದಾರೆ. ಅರ್ಧ ಜನ ಬೇಡ್ವೇ ಬೇಡ ಅಂತಿದಾರೆ. ನಿಜವಾಗ್ಲೂ ನಿದ್ದೆ, ಸುಸ್ತಲ್ಲಿ ವ್ಯತ್ಯಾಸ ಆಗುತ್ತಾ?

ಆಗುತ್ತೆ, ಒಪ್ಕೊಳ್ಳಿ. ಆದ್ರೆ ಸೀದಾ ಮಾಡಿದಾಗ ಒಂದೇ ಒಂದು ಕಡೆ ಮೊದಲಿಗಿಂತ ಜೋರಾಗಿ ಹೊಡೆತ ಬೀಳುತ್ತೆ, ಒಪ್ಕೊಳ್ಳೋಕೆ ಮುಂಚೆ ಅದನ್ನ ಸರಿ ಮಾಡಿಸ್ಕೊಳ್ಳಿ. ನಾನು ಕೋಲಾರ ಸುತ್ತಮುತ್ತಲೇ ಪ್ರೆಸ್ ಶಾಪಲ್ಲಿ ಶಿಫ್ಟ್ ಇನ್‌ಚಾರ್ಜ್, ಶಿಫ್ಟ್ ಚಾರ್ಟ್ ಹಾಕೋದೂ ನನ್ನ ತಲೆ ಮೇಲೇ ಇದೆ, ಎರಡೂ ತರದ್ದು ನೋಡಿದೀನಿ.

ಮೊದ್ಲು ಉಲ್ಟಾ ಯಾಕೆ ಸುಸ್ತು ಮಾಡುತ್ತೆ ಅಂತ ನೋಡಿ. ನಮ್ಮ ದೇಹದೊಳಗಿರೋ ಗಡಿಯಾರ ಕರೆಕ್ಟಾಗಿ 24 ಗಂಟೆದಲ್ಲ, ಸರಾಸರಿ ಒಂದು ಹತ್ತು ನಿಮಿಷ ಜಾಸ್ತಿ, ಹಾರ್ವರ್ಡ್‌ನೋರು 1999ರಲ್ಲಿ ಜನಾನ ಮಂದ ಬೆಳಕಲ್ಲಿ ಇಟ್ಟು ಅಳತೆ ಮಾಡಿದ್ದು ಇದು. ದಿನಾ ಬೆಳಗ್ಗೆ ಬಿಸಿಲು ಬಿದ್ದು ಅದನ್ನ ಸರಿ ಮಾಡ್ತಾ ಇರುತ್ತೆ. ಅದಕ್ಕೇ ಹೆಚ್ಚಿನ ಜನಕ್ಕೆ ಲೇಟಾಗಿ ಮಲಗೋದು ಸುಲಭ, ಬೇಗ ಮಲಗೋದು ಕಷ್ಟ. ಸೀದಾ ರೊಟೇಷನ್ ಅಂದ್ರೆ ವಾರವಾರ ನಿದ್ದೆ ಟೈಮ್ ಮುಂದಕ್ಕೆ ತಳ್ಳೋದು, ಉಲ್ಟಾ ಅಂದ್ರೆ ಹಿಂದಕ್ಕೆ ಎಳೆಯೋದು, ಅಷ್ಟೇ ವ್ಯತ್ಯಾಸ.

ನಮ್ಮ ಲೈನಲ್ಲಿ ಮುಳಬಾಗಿಲು ಕಡೆಯಿಂದ ಬರೋ ಒಬ್ಬ ಹುಡುಗ ಇದಾನೆ, ಅವನ ಲೆಕ್ಕಾನೇ ತಗೊಳ್ಳಿ. ಸೆಕೆಂಡ್ ಶಿಫ್ಟ್ ವಾರದಲ್ಲಿ ರಾತ್ರಿ 10ಕ್ಕೆ ಪಂಚ್ ಮಾಡಿ ಬಸ್ ಹತ್ತಿ ಮನೆ ಸೇರೋದು ಹನ್ನೊಂದೂಕಾಲು, ಹನ್ನೊಂದೂವರೆ. ಮುದ್ದೆ ಸಾರು ತಿಂದು ಒಂದಿಷ್ಟು ಮೊಬೈಲ್ ನೋಡಿ ಮಲಗೋ ಹೊತ್ತಿಗೆ 1 ಗಂಟೆ, ಬೆಳಗ್ಗೆ ಎದ್ದೇಳೋದು 9ಕ್ಕೆ. ವಾರ ಪೂರ್ತಿ ಹಿಂಗೇ. ಉಲ್ಟಾ ಚಾರ್ಟಲ್ಲಿ ಸೋಮವಾರ ಅವನಿಗೆ ಫಸ್ಟ್ ಶಿಫ್ಟ್, 6ಕ್ಕೆ ಲೈನಲ್ಲಿ ಇರಬೇಕು ಅಂದ್ರೆ ಬಸ್ಸು ನಾಲ್ಕೂಮುಕ್ಕಾಲಿಗೆ, ಅಲಾರಂ 4ಕ್ಕೆ. ಭಾನುವಾರ ರಜೆ ಇದೆಯಲ್ಲ, ಬೇಗ ಮಲಗಿದ್ರೆ ಆಯ್ತು ಅಂತ ಎಲ್ರೂ ಹೇಳ್ತಾರೆ, ಅದು ಆಗಲ್ಲ ಸ್ವಾಮಿ. ದಿನಾ ಮಲಗೋ ಟೈಮಿಗೆ ಮುಂಚಿನ ಎರಡು ಮೂರು ಗಂಟೆ ಇದೆ ನೋಡಿ, ಆಗ ದೇಹ ತುಂಬಾ ಎಚ್ಚರವಾಗಿರುತ್ತೆ, ನಿದ್ದೆ ಬಾ ಅಂದ್ರೂ ಬರಲ್ಲ. 1 ಗಂಟೆಗೆ ಮಲಗಿ ಅಭ್ಯಾಸ ಆದವನು 9ಕ್ಕೆ ಲೈಟ್ ಆಫ್ ಮಾಡಿದ್ರೆ ಫ್ಯಾನ್ ನೋಡ್ಕೊಂಡು ಹನ್ನೆರಡೂವರೆವರೆಗೂ ಹೊರಳಾಡ್ತಾನೆ, 4ಕ್ಕೆ ಅಲಾರಂ, ಸಿಕ್ಕಿದ್ದು ಮೂರೂವರೆ ಗಂಟೆ. ಸೋಮಾರಿತನ ಅಲ್ಲ ಅದು. ಗಡಿಯಾರ ಹಿಂದಕ್ಕೆ ಬರೋದು ದಿನಕ್ಕೆ ಒಂದು ಗಂಟೆ ಬಂದ್ರೆ ಹೆಚ್ಚು, ಹಂಗಾಗಿ ಅವನಿಗೆ ಸೆಟ್ ಆಗೋ ಹೊತ್ತಿಗೆ ಗುರುವಾರ ಶುಕ್ರವಾರ, ಮುಂದಿನ ಸೋಮವಾರ ನೈಟ್.

ಆ ನೈಟಿನ ಮೊದಲ ದಿನ ಇನ್ನೊಂದು ಗ್ರಹಚಾರ. ಫಸ್ಟ್ ಶಿಫ್ಟ್ ಮುಗಿಸಿ ಬಂದವನಿಗೆ ಸೋಮವಾರ ರಜೆ ಇದ್ರೂ ಅಭ್ಯಾಸಕ್ಕೆ 4, 5 ಗಂಟೆಗೇ ಎಚ್ಚರ ಆಗ್ಬಿಡುತ್ತೆ. ಮಧ್ಯಾಹ್ನ ಮಲಗದೇ ಬಂದ್ರೆ ಮಂಗಳವಾರ ಬೆಳಗಿನ ಜಾವ 4ಕ್ಕೆ ಅವನು ಹತ್ತತ್ರ 24 ಗಂಟೆ ಎದ್ದಿದಾನೆ. ಸೆಕೆಂಡ್ ಶಿಫ್ಟಿಂದ ನೈಟಿಗೆ ಬಂದವನು 9ಕ್ಕೆ ಎದ್ದಿರ್ತಾನೆ, ಅದೇ 4 ಗಂಟೆಗೆ ಅವನದು 19 ಗಂಟೆ. ಈ ವ್ಯತ್ಯಾಸ ಕಣ್ಣಿಗೇ ಕಾಣುತ್ತೆ. ಪ್ರೆಸ್ ಮುಂದೆ ಎರಡು ಕೈಯಲ್ಲೂ ಬಟನ್ ಒತ್ತೋ ಮನುಷ್ಯ ಕಣ್ಣು ಬಿಟ್ಕೊಂಡೇ ಇರ್ತಾನೆ, ಆದ್ರೆ ಸ್ಟ್ರೋಕ್ ಮುಗಿದು ಎರಡು ಮೂರು ಸೆಕೆಂಡ್ ಆದ್ರೂ ಪಾರ್ಟ್ ತೆಗೆಯಲ್ಲ, ಆಮೇಲೆ ಬೆಚ್ಚಿಬಿದ್ದು ತೆಗೀತಾನೆ, ಮುಂದಿನ ಬ್ಲ್ಯಾಂಕ್ ಉಲ್ಟಾ ಇಡ್ತಾನೆ, ಸೆನ್ಸರ್ ಕೂಗುತ್ತೆ. ನಾಲ್ಕೂವರೆ ಹೊತ್ತಿಗೆ ಸೆನ್ಸರ್ ಯಾವ ಮಿಷಿನಲ್ಲಿ ಪದೇ ಪದೇ ಕೂಗ್ತಿದೆ ಅಂತ ಕೇಳಿಸ್ಕೊಂಡ್ರೆ ಸಾಕು, ಯಾರು ನಿದ್ದೆ ಮಾಡಿ ಬಂದಿಲ್ಲ ಅಂತ ಹೇಳಬಹುದು.

ಹಂಗಾದ್ರೆ ನಿಮ್ಮವರು ಅರ್ಧ ಜನ ಯಾಕೆ ಬೇಡ ಅಂತಾರೆ? ಅವರೇನೂ ದಡ್ಡರಲ್ಲ. ಶಿಫ್ಟು 6-2, 2-10, 10-6, ಭಾನುವಾರ ರಜೆ ಅಂತ ಇಟ್ಕೊಂಡು, ಒಂದು ಶಿಫ್ಟ್ ಮುಗಿದು ಇನ್ನೊಂದು ಶುರು ಆಗೋ ತನಕ ಎಷ್ಟು ಗಂಟೆ ಸಿಗುತ್ತೆ ಅಂತ ಪೇಪರ್ ಮೇಲೆ ಹಾಕಿ ನೋಡಿ. ಉಲ್ಟಾದಲ್ಲಿ ಫಸ್ಟಿಂದ ನೈಟಿಗೆ ಹೋಗುವಾಗ ಶನಿವಾರ ಮಧ್ಯಾಹ್ನ 2ರಿಂದ ಸೋಮವಾರ ರಾತ್ರಿ 10ರವರೆಗೆ 56 ಗಂಟೆ. ಊರಿಗೆ ಹೋಗಿ, ಒಂದು ಮದುವೆ ಮುಗಿಸಿ, ಟೊಮೆಟೊ ತೋಟ ನೋಡ್ಕೊಂಡು ಆರಾಮಾಗಿ ಬರಬಹುದು, ಜನಕ್ಕೆ ಬೇಕಿರೋದು ಅದು. ಉಳಿದ ಎರಡು ಕಡೆ ತಲಾ 32 ಗಂಟೆ. ಸೀದಾದಲ್ಲಿ ಫಸ್ಟಿಂದ ಸೆಕೆಂಡಿಗೆ 48, ಸೆಕೆಂಡಿಂದ ನೈಟಿಗೆ 48, ಆದ್ರೆ ನೈಟಿಂದ ಫಸ್ಟಿಗೆ ಬರೀ 24. ಕೂಡಿ ನೋಡಿ, ಎರಡೂ 120. ಕಂಪನಿ ಯಾವ ಕಡೆ ತಿರುಗಿಸಿದ್ರೂ ಕೊಡೋ ರೆಸ್ಟ್ ಒಂದೇ, ಎಲ್ಲಿ ಕೊಡ್ತಾರೆ ಅನ್ನೋದು ಮಾತ್ರ ಬೇರೆ. (ನಿಮ್ಮಲ್ಲಿ ವೀಕ್ಲಿ ಆಫ್ ಭಾನುವಾರ ಅಲ್ಲದೆ ವಾರದ ಮಧ್ಯ ಎಲ್ಲೋ ಬಂದು, ಶಿಫ್ಟ್ ಮಾತ್ರ ಭಾನುವಾರ ಬದಲಾಗೋ ಹಂಗಿದ್ರೆ ಉಲ್ಟಾ ಇನ್ನೂ ಘೋರ, ರಾತ್ರಿ 10ಕ್ಕೆ ಬಿಟ್ಟು ಬೆಳಗ್ಗೆ 6ಕ್ಕೆ ಬಾ ಅಂತಾರೆ, ಎಂಟೇ ಗಂಟೆ, ಅದರಲ್ಲಿ ಬಸ್ಸಿಗೇ ಎರಡೂವರೆ ಹೋಯ್ತು. ಆ ತರದ ಚಾರ್ಟ್ ಯಾವ ಕಾರಣಕ್ಕೂ ಒಪ್ಕೋಬೇಡಿ.)

ಈಗ ಆ 24 ಗಂಟೆ ವಿಷಯ. ಭಾನುವಾರ ಬೆಳಗ್ಗೆ 6ಕ್ಕೆ ನೈಟ್ ಮುಗಿಸಿ ಸೋಮವಾರ ಬೆಳಗ್ಗೆ 6ಕ್ಕೆ ಮತ್ತೆ ಲೈನಲ್ಲಿ. ಎಚ್‌ಆರ್ ಹತ್ರ ಹೋದ್ರೆ ರಜೆ ಕೊಟ್ಟಿದೀವಲ್ಲ ಅಂತಾರೆ, ಅದೂ ಸುಳ್ಳಲ್ಲ, 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1948ರ ಫ್ಯಾಕ್ಟರೀಸ್ ಆಕ್ಟ್ 57ನೇ ಸೆಕ್ಷನಲ್ಲಿ ರಾತ್ರಿ ಹನ್ನೆರಡು ದಾಟೋ ಶಿಫ್ಟಿನವರಿಗೆ ಶಿಫ್ಟ್ ಮುಗಿದಲ್ಲಿಂದ ಸತತ 24 ಗಂಟೆ ಸಿಕ್ಕಿದ್ರೆ ಅದೇ ಒಂದು ದಿನದ ರಜೆ ಅಂತ ಬರೆದಿತ್ತು. ಕಾಗದದಲ್ಲಿ ರಜೆ ಅದು, ದೇಹಕ್ಕಲ್ಲ. ಆ ಹುಡುಗ ಭಾನುವಾರ ಏಳೂವರೆಗೆ ಮನೆಗೆ ಬಂದು ತಿಂಡಿ ತಿಂದು ಮಲಗಿ 2 ಗಂಟೆಗೆ ಎದ್ದ ಅಂದ್ರೆ ರಾತ್ರಿ 9ಕ್ಕೆ ನಿದ್ದೆ ಹತ್ತಿರಾನೂ ಬರಲ್ಲ, ಸೋಮವಾರ ಫಸ್ಟ್ ಶಿಫ್ಟಿಗೆ ಅವನು ಉಲ್ಟಾ ಚಾರ್ಟಲ್ಲಿ ಇದ್ದಿದ್ದಕ್ಕಿಂತ ಕೆಟ್ಟದಾಗಿ ಬರ್ತಾನೆ. ಸೀದಾ ಮಾಡಿ ನೋಡಿದ್ವಿ ಏನೂ ಉಪಯೋಗ ಆಗ್ಲಿಲ್ಲ ಅಂತ ಕೆಲವು ಕಂಪನಿಗಳಲ್ಲಿ ವಾಪಸ್ ಉಲ್ಟಾ ಮಾಡ್ಕೊಂಡಿದ್ದು ಈ ಒಂದು ಸೋಮವಾರದ ದೆಸೆಯಿಂದ.

ಇದಕ್ಕೆ ಒಂದು ದಾರಿ ಇದೆ, ಖರ್ಚಿಲ್ಲದ್ದು. ಶನಿವಾರ ರಾತ್ರಿ ನೈಟ್ ತೆಗೆದು ಆ ನೈಟನ್ನ ಭಾನುವಾರ ರಾತ್ರಿಗೆ ಹಾಕಿ ಅಂತ ಕೇಳಿ. ಅಂದ್ರೆ ನೈಟ್ ವಾರ ಭಾನುವಾರ ರಾತ್ರಿ 10ಕ್ಕೆ ಶುರು, ಶನಿವಾರ ಬೆಳಗ್ಗೆ 6ಕ್ಕೆ ಮುಗೀತು. ನೈಟು ಅವೇ ಆರು, ಪ್ರೊಡಕ್ಷನ್ ಅಷ್ಟೇ, ಪ್ಲಾಂಟ್ ನಿಲ್ಲೋದೂ ಅದೇ 24 ಗಂಟೆ, ಭಾನುವಾರ ಬೆಳಗ್ಗೆಯಿಂದ ಸೋಮವಾರ ಬೆಳಗ್ಗೆವರೆಗೆ ನಿಲ್ಲೋ ಬದಲು ಶನಿವಾರ ರಾತ್ರಿಯಿಂದ ಭಾನುವಾರ ರಾತ್ರಿವರೆಗೆ ನಿಲ್ಲುತ್ತೆ. ಈಗ ನೈಟಿಂದ ಫಸ್ಟಿಗೆ 48 ಗಂಟೆ ಸಿಕ್ತು, ಮಧ್ಯ ಎರಡು ರಾತ್ರಿ ಮನೆಯಲ್ಲಿ ನಿದ್ದೆ. ಆ 24 ಗಂಟೆ ಸೆಕೆಂಡಿಂದ ನೈಟಿಗೆ ಹೋಗೋ ಕಡೆ ಬಿತ್ತು, ಅಲ್ಲಿ ನಿದ್ದೆ ಮುಂದಕ್ಕೆ ಹೋಗೋದು ಆದ್ದರಿಂದ ದೇಹ ಅಷ್ಟು ಕಿರಿಕಿರಿ ಮಾಡಲ್ಲ, ಭಾನುವಾರ ಮಧ್ಯಾಹ್ನ ಊಟ ಆದ್ಮೇಲೆ ಒಂದೂವರೆ ಗಂಟೆ ಮಲಗಿ ಬಂದ್ರೆ ನಡೆಯುತ್ತೆ. ತಕರಾರು ಎಲ್ಲಿ ಬರುತ್ತೆ ಅಂದ್ರೆ, ಸೆಕೆಂಡ್ ಶಿಫ್ಟಿನವನಿಗೆ ಆ ವಾರ ಭಾನುವಾರ ಪೂರ್ತಿ ರಜೆ ಅಂತ ಆಗಲ್ಲ, ರಾತ್ರಿ ಡ್ಯೂಟಿ ಇದೆ. ಎಚ್‌ಆರ್ ಈ ಪಾಯಿಂಟ್ ಎತ್ತೇ ಎತ್ತುತ್ತಾರೆ, ಎತ್ತಲೂ ಬೇಕು, ರಜೆ ಹೆಂಗೆ ತೋರಿಸೋದು ಅಂತ ಯೂನಿಯನ್ ಜೊತೆ ಕೂತು ಬರೆಸ್ಕೊಂಡು, ಬದಲಾದ ಟೈಮಿಂಗ್ ಫ್ಯಾಕ್ಟರಿ ಇನ್‌ಸ್ಪೆಕ್ಟರಿಗೆ ತಿಳಿಸಿಯೇ ಶುರು ಮಾಡ್ಬೇಕು.

ಅದೂ ಆಗಲ್ಲ ಅಂದ್ರೆ ನೈಟ್ ಮುಗಿದ ಭಾನುವಾರ ಪೂರ್ತಿ ನಿದ್ದೆ ಮಾಡ್ಬೇಡಿ. ಎಂಟಕ್ಕೆ ಮಲಗಿ ಹನ್ನೊಂದಕ್ಕೆ ಎದ್ದುಬಿಡಿ, ಮೈ ಭಾರ ಇದ್ರೂ ಬಿಸಿಲಿಗೆ ಹೋಗಿ ಏನಾದ್ರೂ ಕೆಲಸ ಮಾಡಿ, ಮಧ್ಯಾಹ್ನದ ಮೇಲೆ ಕಾಫಿ ಬೇಡ, ರಾತ್ರಿ 9ಕ್ಕೆ ನಿದ್ದೆ ತಾನಾಗೇ ಎಳೆಯುತ್ತೆ. ಆ ಬೆಳಗ್ಗೆ ಮಾತ್ರ ಬೈಕಲ್ಲಿ ಹೈವೇಗೆ ಬರಬೇಡಿ, ಕಂಪನಿ ಬಸ್ಸೇ ಹತ್ತಿ.

ಇನ್ನು ಸೀದಾನೇ ಬೆಸ್ಟು ಅಂತ ಪ್ರೂವ್ ಆಗಿದೆ ಅಂತ ಯಾರಾದ್ರೂ ನಿಮಗೆ ಅಮೆರಿಕದ ಯೂಟಾ ಕಥೆ ಹೇಳ್ತಾರೆ. ಅಲ್ಲಿ ಗ್ರೇಟ್ ಸಾಲ್ಟ್ ಲೇಕ್ ಪಕ್ಕದ ಖನಿಜದ ಕಂಪನೀಲಿ ಉಲ್ಟಾ ಇದ್ದಿದ್ದನ್ನ ಸೀದಾ ಮಾಡಿದ್ರು, ಜನ ಖುಷಿಯಾದ್ರು, ಕೆಲಸಾನೂ ಜಾಸ್ತಿ ಆಯ್ತು, 1982ರಲ್ಲಿ ಪ್ರಕಟ ಆದ ಸ್ಟಡಿ. ನಿಜವೇ, ಆದ್ರೆ ಅವರು ದಿಕ್ಕಿನ ಜೊತೆಗೆ ಕೆಲವರಿಗೆ ಒಂದು ವಾರ ಇದ್ದಿದ್ದನ್ನ ಮೂರು ವಾರಕ್ಕೊಂದ್ಸಲ ಬದಲಾಗೋ ಹಂಗೆ ಮಾಡಿದ್ರು, ಒಳ್ಳೇದಾಗಿದ್ದರಲ್ಲಿ ದಿಕ್ಕಿನ ಪಾಲು ಎಷ್ಟು ಅಂತ ಬಿಡಿಸಿ ಹೇಳೋದು ಕಷ್ಟ. ಫಿನ್‌ಲ್ಯಾಂಡಲ್ಲಿ ವಿಮಾನ ರಿಪೇರಿಯವರಿಗೆ ತದ್ವಿರುದ್ಧ ಮಾಡಿದ್ರು, ಸೀದಾ ದಿಕ್ಕು ಆದ್ರೆ ತುಂಬಾ ಬೇಗ ಬೇಗ ತಿರುಗೋದು, ಅಲ್ಲೂ ನಿದ್ದೆ ಸುಧಾರಿಸ್ತು, ವಯಸ್ಸಾದವರಿಗೆ ಜಾಸ್ತಿ. ಅದಕ್ಕೇ ನಾನು ದಿಕ್ಕನ್ನ ಎರಡನೇದಾಗಿ ನೋಡ್ತೀನಿ, ಮೊದಲು ಗ್ಯಾಪು. ನಿಮ್ಮ ಹೊಸ ಚಾರ್ಟ್ ಕೈಗೆ ಬಂದ ತಕ್ಷಣ ಬದಲಾಗೋ ಮೂರು ಜಾಗದಲ್ಲೂ ಗಂಟೆ ಬರೆದು, ಬಸ್ಸಿನ ಟೈಮ್ ಕಳೆದು, ನೈಟಿಂದ ಫಸ್ಟಿಗೆ ಎಷ್ಟು ಬಂತು ಅಂತ ಇಲ್ಲೇ ಕೆಳಗೆ ಹಾಕಿ. 24 ಅಂತ ಬಂದ್ರೆ ಆ ಅರ್ಧ ಜನ ಬೇಡ ಅನ್ನೋದರಲ್ಲಿ ಅರ್ಥ ಇದೆ.