ಕೋಣೆಗೆ ಬದಲು ಫೋಟೊ: ಲೆಕ್ಕದಲ್ಲಿ ಯಾವ ಬೆಲೆ?

*ಮಾನ್ಯ ಸಂಪಾದಕರಿಗೆ ನಮಸ್ಕಾರ. ಗಾಳಿಬೀಡು ಕಡೆಯ ರೆಸಾರ್ಟ್ ಒಂದು ಮಡಿಕೇರಿಯ ಸ್ಟುಡಿಯೊಗೆ ಕೋಣೆ ಕೊಟ್ಟು, ಬದಲಿಗೆ ಫೋಟೊ ಮತ್ತು ವೆಬ್‌ಸೈಟ್ ಮಾಡಿಸಿಕೊಂಡ ಮಾದರಿ ಲೆಕ್ಕವನ್ನು ಕಳೆದ ಸಂಚಿಕೆಯಲ್ಲಿ ಕೊಟ್ಟಿದ್ದೀರಿ. ಒಂದು ರೂಪಾಯಿಯೂ ಕೈಬದಲಾಗಿಲ್ಲ, ಆದರೂ ನ್ಯಾಯಯುತ ಮೌಲ್ಯದಲ್ಲಿ ಬರೆಸಿದ್ದೀರಿ. ಆದಾಯ ಬರೆಯುವ ಕ್ರಮ ಹೇಳುವ ಲೆಕ್ಕ ಮಾನದಂಡ ಎಎಸ್ 9ರಲ್ಲಿ ಇಂಥ ವಿನಿಮಯದ ಬಗ್ಗೆ ನೇರವಾಗಿ ಏನೂ ಇಲ್ಲ. ನನ್ನ ಕಕ್ಷಿದಾರರು ಹೀಗೆ ಬರೆದು ತಂದರೆ ನಾನು ಯಾವ ಆಧಾರದ ಮೇಲೆ ಒಪ್ಪಲಿ?*

*— ಲೆಕ್ಕಪರಿಶೋಧಕರು, ವಿರಾಜಪೇಟೆ*

ಸಂಪಾದಕರ ಉತ್ತರ

ನಮಸ್ಕಾರ. ಆಧಾರ ಎಎಸ್ 9ರ ಒಳಗೇ ಇದೆ. ವ್ಯಾಪಾರದ ನಿತ್ಯದ ಚಟುವಟಿಕೆಯಿಂದ ಬರುವ ನಗದು, ಬರಬೇಕಾದ ಬಾಕಿ ಅಥವಾ ‘ಇತರ ಪ್ರತಿಫಲ’ ಇವೆಲ್ಲದರ ಒಟ್ಟು ಒಳಹರಿವೇ ಆದಾಯ ಎಂದು ಅದು ಹೇಳುತ್ತದೆ. ರೆಸಾರ್ಟಿಗೆ ಸಿಕ್ಕ ಫೋಟೊ, ವೆಬ್‌ಸೈಟ್ ಕೆಲಸ ಇತರ ಪ್ರತಿಫಲ. ಅದು ಆದಾಯ ಹೌದೋ ಅಲ್ಲವೋ ಎಂಬ ಪ್ರಶ್ನೆ ಅಲ್ಲಿಗೆ ಮುಗಿಯಿತು. ಎಷ್ಟು ಎಂಬುದನ್ನು ಎಎಸ್ 9 ಬಿಡಿಸಿ ಹೇಳುವುದಿಲ್ಲ. ದೊಡ್ಡ ಕಂಪನಿಗಳಿಗೆ 2018ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇಂಡ್ ಎಎಸ್ 115 ಅದನ್ನು ಹೇಳಿದೆ: ಗಿರಾಕಿ ನಗದಲ್ಲದ ರೂಪದಲ್ಲಿ ಕೊಟ್ಟರೆ, ಕೈಗೆ ಬಂದದ್ದರ ನ್ಯಾಯಯುತ ಮೌಲ್ಯವೇ ಆದಾಯದ ಮೊತ್ತ. ಅದನ್ನು ಅಂದಾಜು ಮಾಡಲಾಗದಿದ್ದರೆ, ನಾವು ಕೊಡುವ ಸೇವೆಯನ್ನು ಬಿಡಿಯಾಗಿ ಮಾರುವ ಬೆಲೆಯಿಂದ ತಿರುಗಿ ಲೆಕ್ಕ ಹಾಕಬೇಕು. ಕೊಡಗಿನ ಸಣ್ಣ ರೆಸಾರ್ಟ್ ಕಂಪನಿಗೆ ಈ ಮಾನದಂಡ ಅನ್ವಯಿಸುವುದಿಲ್ಲ. ಆದರೆ ಎಎಸ್ 9 ಸುಮ್ಮನಿರುವ ಜಾಗದಲ್ಲಿ ಅದೇ ತರ್ಕವನ್ನು ಹಿಡಿಯುವುದಕ್ಕೆ ಅಡ್ಡಿಯೂ ಇಲ್ಲ.

ಮಾದರಿಯ ಅಂಕಿಗಳನ್ನು ಮತ್ತೆ ಮುಂದಿಡುತ್ತೇನೆ, ಏಕೆಂದರೆ ಆ ಮೊತ್ತಕ್ಕೆ ಬಂದದ್ದು ಹೇಗೆ ಎಂಬುದೇ ಇಲ್ಲಿ ಮುಖ್ಯ. ಸ್ಟುಡಿಯೊ 2025ರ ಫೆಬ್ರವರಿಯಲ್ಲಿ ಕೆಲಸ ಮುಗಿಸಿ ಒಪ್ಪಿಸಿತು. ಬದಲಿಗೆ ರೆಸಾರ್ಟ್, ಜೂನ್‌ನಿಂದ ಆಗಸ್ಟ್ 31ರವರೆಗೆ ವಾರದ ನಡುವಿನ ದಿನಗಳಲ್ಲಿ 40 ಕೋಣೆ-ರಾತ್ರಿ ಕೊಡಬೇಕು. ಅದರಲ್ಲಿ ಸ್ಟುಡಿಯೊ ತನ್ನ ಫೋಟೊಗ್ರಫಿ ಶಿಬಿರ ನಡೆಸುತ್ತದೆ. ಇಷ್ಟೇ ಕೆಲಸಕ್ಕೆ ಆ ಸ್ಟುಡಿಯೊ ಹಿಂದಿನ ಕೆಲವು ತಿಂಗಳಲ್ಲಿ ಬೇರೆ ಎರಡು ಕಡೆಯಿಂದ 1,35,000 ಮತ್ತು 1,45,000 ರೂಪಾಯಿ ಬಿಲ್ ಮಾಡಿ, ಹಣ ಪಡೆದಿದೆ. ಹಾಗಾಗಿ ರೆಸಾರ್ಟ್ ತನಗೆ ಬಂದದ್ದನ್ನು 1,40,000 ಎಂದು ಬರೆಯಿತು. ಒಂದು ಕೋಣೆ-ರಾತ್ರಿಗೆ 3,500 ಬಿತ್ತು.

ಈ ಮೊತ್ತ ಸರಿಯೇ ಎಂದು ಇನ್ನೊಂದು ತುದಿಯಿಂದ ನೋಡಬೇಕು. ರೆಸಾರ್ಟಿನ ದರಪಟ್ಟಿಯಲ್ಲಿ ಅದೇ ಕೋಣೆಗೆ 6,000 ಎಂದಿದೆ. ಆದರೆ ದಸರೆಯ ರಜೆಯಲ್ಲಿ, ಡಿಸೆಂಬರ್ ಕೊನೆಯಲ್ಲಿ ಸಿಗುವ ದರ ಕಕ್ಕಡದ ಮಳೆಯಲ್ಲಿ ಬುಧವಾರ ಸಿಗುವುದಿಲ್ಲ. ಹಿಂದಿನ ವರ್ಷ ಅದೇ ಮೂರು ತಿಂಗಳ ವಾರದ ದಿನಗಳಲ್ಲಿ ಹೊರಗಿನ ಅತಿಥಿಗಳು ನಿಜವಾಗಿ ಕೊಟ್ಟ ಹಣದ ಸರಾಸರಿ 3,400. ನಲವತ್ತು ರಾತ್ರಿಗೆ 1,36,000. ಎರಡು ದಾರಿಯಲ್ಲಿ ಬಂದ ಮೊತ್ತಗಳು ಇಷ್ಟು ಹತ್ತಿರ ಇದ್ದರೆ ಅಂದಾಜು ನಿಲ್ಲುತ್ತದೆ. ದರಪಟ್ಟಿ ಹಿಡಿದಿದ್ದರೆ 2,40,000 ಆಗುತ್ತಿತ್ತು. ನನ್ನ ಮಟ್ಟಿಗೆ, ಇಲ್ಲಿನ ವಿನಿಮಯಗಳಲ್ಲಿ ಮೊತ್ತ ಉಬ್ಬುವುದು ಹೆಚ್ಚಾಗಿ ಇಲ್ಲೇ. ಯಾರೂ ಮೋಸದ ಉದ್ದೇಶದಿಂದ ಮಾಡಿರುವುದಿಲ್ಲ, ಗೋಡೆಗೆ ಅಂಟಿಸಿದ ದರವನ್ನೇ ತಮ್ಮ ದರ ಎಂದು ಮಾಲೀಕರು ನಂಬಿರುತ್ತಾರೆ. ನೀವು ಕೇಳಬೇಕಾದದ್ದು ದರಪಟ್ಟಿಯಲ್ಲ, ಅದೇ ಋತುವಿನ ರಸೀದಿ ಪುಸ್ತಕ.

ಸ್ಟುಡಿಯೊದ ಪುಸ್ತಕ ಇದಕ್ಕೆ ಕನ್ನಡಿಯಂತೆ ಹೊಂದಬೇಕಿಲ್ಲ. ಅದಕ್ಕೆ ಬಂದದ್ದು ಕೋಣೆಗಳು, ಅವುಗಳ ಮೌಲ್ಯ 1,36,000. ಎರಡೂ ಕಡೆ ಪ್ರಾಮಾಣಿಕವಾಗಿ ಅಳೆದಾಗ ನಾಲ್ಕು ಸಾವಿರದ ಅಂತರ ಉಳಿದರೆ ಅದನ್ನು ದೋಷ ಎಂದು ಬರೆಯಬೇಡಿ.

‘ಕೊನೆಗೆ ಆದಾಯ, ಖರ್ಚು ಎರಡೂ ಒಂದೇ, ಸೊನ್ನೆ ಬರೆದರೂ ಲಾಭ ಬದಲಾಗುವುದಿಲ್ಲ’ ಎಂದು ನಿಮ್ಮ ಕಕ್ಷಿದಾರರು ವಾದಿಸಬಹುದು. ಮಾರ್ಚ್ 31 ನಡುವೆ ಬಂದದ್ದರಿಂದ ಆ ವಾದ ಬಿದ್ದುಹೋಗುತ್ತದೆ. 2024-25ರಲ್ಲಿ ರೆಸಾರ್ಟ್ ಕೆಲಸ ಮಾಡಿಸಿಕೊಂಡಿದೆ, ಕೋಣೆ ಇನ್ನೂ ಕೊಟ್ಟಿಲ್ಲ. ಆ ವರ್ಷ 1,40,000 ಪ್ರಚಾರದ ಖರ್ಚು, ಅಷ್ಟೇ ಮೊತ್ತ ಗಿರಾಕಿಯ ಮುಂಗಡ ಎಂದು ಹೊಣೆಗಾರಿಕೆ. ಆದಾಯ ಒಂದು ಪೈಸೆಯೂ ಇಲ್ಲ. ಸೊನ್ನೆ ಬರೆದರೆ ಆ ವರ್ಷದ ಲಾಭ ಅಷ್ಟು ಹೆಚ್ಚಾಗಿ ಕಾಣುತ್ತದೆ, ಕೊಡಬೇಕಾದ 40 ರಾತ್ರಿಗಳ ಸುಳಿವು ಬ್ಯಾಲೆನ್ಸ್ ಶೀಟಿನಲ್ಲಿ ಇರುವುದಿಲ್ಲ. ಸಾಲ ಕೊಡುವ ಬ್ಯಾಂಕು ಓದುವುದು ಅದೇ ಕಾಗದವನ್ನು.

ಮುಂದಿನ ವರ್ಷ ಪರಿಸ್ಥಿತಿ ಇನ್ನೂ ಕೆಡುತ್ತದೆ. ಸ್ಟುಡಿಯೊ 34 ರಾತ್ರಿ ಬಳಸಿತು ಎನ್ನಿ. ಬಟ್ಟೆ ಒಗೆಸುವುದು, ಬೆಳಗಿನ ತಿಂಡಿ, ಕರೆಂಟು ಸೇರಿ ರಾತ್ರಿಗೆ 900 ಎಂದು ಹಿಡಿದರೆ 30,600 ರೂಪಾಯಿ ಖರ್ಚು ಪುಸ್ತಕಕ್ಕೆ ಬಂದೇ ಬರುತ್ತದೆ. ಅತಿಥಿಗಳ ರಿಜಿಸ್ಟರಿನಲ್ಲಿ 34 ರಾತ್ರಿ ದಾಖಲಾಗಿರುತ್ತದೆ. ಎದುರಿಗೆ ಆದಾಯ ಸೊನ್ನೆ. ರಿಜಿಸ್ಟರನ್ನೂ ಕೋಣೆ ಆದಾಯವನ್ನೂ ತಾಳೆ ನೋಡುವ ಯಾವ ಆಡಿಟರ್‌ಗೂ, ಯಾವ ತೆರಿಗೆ ಅಧಿಕಾರಿಗೂ ಇದು ಮಾರಾಟ ಮುಚ್ಚಿಟ್ಟ ಹಾಗೆಯೇ ಕಾಣುತ್ತದೆ. ಸರಿಯಾದ ದಾಖಲೆಯಲ್ಲಿ ಅತಿಥಿ ತಂಗಿದ ಪ್ರತಿ ರಾತ್ರಿಗೆ ಮುಂಗಡದಿಂದ 3,500 ಇಳಿದು ಆದಾಯಕ್ಕೆ ಹೋಗುತ್ತದೆ. ಒಟ್ಟು 1,19,000. ಉಳಿದ ಆರು ರಾತ್ರಿಯ 21,000 ರೂಪಾಯಿ, ಒಪ್ಪಂದದ ಅವಧಿ ಮುಗಿದು ಕೊಡುವ ಬಾಧ್ಯತೆ ಇಲ್ಲವಾದ ಮೇಲೆ, ಅಂದರೆ ಆಗಸ್ಟ್ 31 ಕಳೆದ ನಂತರ ಆದಾಯವಾಗುತ್ತದೆ. ಅವಧಿಯನ್ನೇ ಬರೆಯದ ಒಪ್ಪಂದವಾದರೆ ಆ ಮೊತ್ತ ಹೊಣೆಗಾರಿಕೆಯಲ್ಲೇ ಕೂತಿರುತ್ತದೆ. ಆದ್ದರಿಂದ ಒಪ್ಪಂದ ಬರಹದಲ್ಲಿದೆಯೇ, ಕೊನೆಯ ದಿನಾಂಕ ಇದೆಯೇ ಎಂದು ಮೊದಲು ನೋಡಿ.

ಖರ್ಚಾದ 900ರ ಲೆಕ್ಕದಲ್ಲೇ, ಅಂದರೆ 36,000ಕ್ಕೆ ಬರೆಯಬಾರದೇ ಎಂದು ಕೇಳುವವರೂ ಇದ್ದಾರೆ. ನಗದು ಕೊಟ್ಟ ಅತಿಥಿಯ ಕೋಣೆಯನ್ನು ನಾವು ಒಗೆಸಿದ ಬಟ್ಟೆಯ ಲೆಕ್ಕದಲ್ಲಿ ಬರೆಯುವುದಿಲ್ಲವಲ್ಲ. ಸ್ಟುಡಿಯೊ ಮಾಡಿದ ಕೆಲಸ 36,000ಕ್ಕೆ ಪೇಟೆಯಲ್ಲಿ ಸಿಗುವುದೂ ಇಲ್ಲ.

ಈಗ ನೀವು ಅನುಮಾನಿಸಲೇಬೇಕಾದ ಜಾಗಗಳು. ಪ್ರಚಾರವನ್ನೇ ಪ್ರಚಾರಕ್ಕೆ ಬದಲಿಸಿಕೊಳ್ಳುವ ವ್ಯವಹಾರಕ್ಕೆ ಎಸ್ಐಸಿ 31 ಎಂಬ ಅಂತರರಾಷ್ಟ್ರೀಯ ವ್ಯಾಖ್ಯಾನವಿತ್ತು. ಇಂಡ್ ಎಎಸ್ 115ರ ಅಂತರರಾಷ್ಟ್ರೀಯ ಮೂಲವಾದ ಐಎಫ್ಆರ್‌ಎಸ್ 15 ಬಂದ ಮೇಲೆ ಅದು ಚಲಾವಣೆಯಲ್ಲಿಲ್ಲ, ಆದರೆ ಅದರ ಪರೀಕ್ಷೆಗಳು ಇವತ್ತಿಗೂ ಆಡಿಟರ್ ಕೈಯಲ್ಲಿರಬೇಕಾದವು. ಹೋಲಿಕೆಗೆ ಹಿಡಿಯುವ ವ್ಯವಹಾರ ಅದೇ ಬಗೆಯದಾಗಿರಬೇಕು, ಆಗಾಗ ನಡೆಯುವಂಥದ್ದಾಗಿರಬೇಕು, ಹಣ ಬಂದಿರಬೇಕು, ಮತ್ತು ಅದು ವಿನಿಮಯದ ಇದೇ ಎದುರು ಪಕ್ಷದ ಜೊತೆ ನಡೆದದ್ದಾಗಿರಬಾರದು. ಅದರಲ್ಲಿ ನನಗೆ ಅತಿ ಮುಖ್ಯವೆನಿಸುವ ಮಾತು ಚೆಕ್ಕಿನದು. ಇಬ್ಬರೂ ಒಂದೇ ಮೊತ್ತದ ಚೆಕ್ ಬರೆದು ಅದಲುಬದಲು ಮಾಡಿಕೊಂಡರೆ ಅದು ಬೆಲೆಗೆ ಪುರಾವೆಯಾಗುವುದಿಲ್ಲ. ‘ಬ್ಯಾಂಕ್ ಮೂಲಕವೇ ಆಗಿದೆ ಸಾರ್’ ಎಂದು ಸ್ಟೇಟ್‌ಮೆಂಟ್ ತೋರಿಸಿದರೆ ಒಪ್ಪಿಕೊಳ್ಳಬೇಡಿ. ಎರಡು ಲಕ್ಷದ ಚೆಕ್ ಆಚೆ ಹೋಗಿ ಎರಡು ಲಕ್ಷದ ಚೆಕ್ ಈಚೆ ಬಂದರೆ, ಹತ್ತು ಲಕ್ಷ ಎಂದು ಬರೆದಿದ್ದರೂ ಅದೇ ರೀತಿ ಆಗುತ್ತಿತ್ತು.

ಅಮೆರಿಕದಲ್ಲಿ ಇಂಟರ್ನೆಟ್ ಕಂಪನಿಗಳು ಪರಸ್ಪರ ಜಾಹೀರಾತು ಬದಲಿಸಿಕೊಂಡು ಆದಾಯ ಉಬ್ಬಿಸಿದ ಕಾಲದಲ್ಲಿ, 2000ನೇ ಇಸವಿಯಲ್ಲಿ, ಅಲ್ಲಿನ ಲೆಕ್ಕಪತ್ರ ಮಂಡಳಿಯ ಕಾರ್ಯತಂಡ ಇದೇ ದಾರಿ ಹಿಡಿಯಿತು. ಸಂಬಂಧವಿಲ್ಲದ ಗಿರಾಕಿಗಳಿಂದ ಅಂಥದೇ ಜಾಹೀರಾತಿಗೆ ಹಿಂದಿನ ಆರು ತಿಂಗಳೊಳಗೆ ನಗದು ಪಡೆದ ಇತಿಹಾಸ ಇದ್ದರೆ ಮಾತ್ರ ನ್ಯಾಯಯುತ ಮೌಲ್ಯ ಬರೆಯಬಹುದು ಎಂದಿತು. ಆರು ತಿಂಗಳನ್ನು ಕೊಡಗಿನ ಕೋಣೆಗೆ ಹಾಗೆಯೇ ಅಳವಡಿಸಲಾಗದು. ಜನವರಿಯ ದರ ಜುಲೈಗೆ ಹೊಂದುವುದಿಲ್ಲ, ಹಿಂದಿನ ವರ್ಷದ ಜುಲೈ ಹೊಂದುತ್ತದೆ.

ಎದುರು ಪಕ್ಷ ಯಾರು ಎಂಬ ವಿಷಯದಲ್ಲಿ ನಮ್ಮ ಜಿಲ್ಲೆಯಲ್ಲಿ ವಿಶೇಷ ಎಚ್ಚರ ಬೇಕು. ಸಂಬಂಧಿತ ಪಕ್ಷಗಳ ಮಾನದಂಡವಾದ ಎಎಸ್ 18ರ ಪ್ರಕಾರ ಸಂಬಂಧಿಕರು ಎಂದರೆ ಗಂಡ ಅಥವಾ ಹೆಂಡತಿ, ಮಕ್ಕಳು, ಒಡಹುಟ್ಟಿದವರು, ತಂದೆ ತಾಯಿ. ಒಂದೇ ಒಕ್ಕದ ದಾಯಾದಿಗಳು ಆ ಪಟ್ಟಿಯಲ್ಲಿ ಬರುವುದಿಲ್ಲ, ಹಾಗಾಗಿ ಸಂಬಂಧಿತ ಪಕ್ಷ ಎಂದು ಪ್ರಕಟಿಸುವ ಕಡ್ಡಾಯ ಇಲ್ಲದಿರಬಹುದು. ಆದರೆ ದಾಯಾದಿಗಳಿಬ್ಬರು ಕೂತು ನಿಗದಿ ಮಾಡಿದ ದರವನ್ನು ಹೊರಗಿನವರ ದರ ಎಂದು ನೀವು ಹಿಡಿಯುವಂತಿಲ್ಲ. ಮಾದರಿಯ ಎರಡು ಹೋಲಿಕೆ ಬಿಲ್‌ಗಳು ಹೊರಗಿನವರದೇ ಆಗಿರಬೇಕೆಂದು ಒತ್ತಿ ಹೇಳಿದ್ದು ಇದಕ್ಕೇ.

ನ್ಯಾಯಯುತ ಮೌಲ್ಯ ಸಲ್ಲದ ವಿನಿಮಯವೂ ಇದೆ. ಉದ್ದನೆಯ ವಾರಾಂತ್ಯದಲ್ಲಿ ಒಂದು ರೆಸಾರ್ಟ್ ತುಂಬಿದಾಗ ಪಕ್ಕದವರ ಎರಡು ಕೋಣೆ ಪಡೆದು ತನ್ನ ಅತಿಥಿಯನ್ನು ಕಳಿಸುತ್ತದೆ, ಮುಂದೆ ಅವರಿಗೆ ಬೇಕಾದಾಗ ಎರಡು ಕೋಣೆ ತಿರುಗಿಸುತ್ತದೆ. ಒಂದೇ ಕಸುಬಿನವರು ತಮ್ಮ ಗಿರಾಕಿಗಳಿಗೆ ಮಾರುವ ಅನುಕೂಲಕ್ಕೆ ಮಾಡಿಕೊಳ್ಳುವ ಅದಲುಬದಲನ್ನು ಇಂಡ್ ಎಎಸ್ 115 ತನ್ನ ವ್ಯಾಪ್ತಿಯಿಂದಲೇ ಹೊರಗಿಟ್ಟಿದೆ. ಅತಿಥಿ ಕೊಟ್ಟ ಹಣ ಆದಾಯ, ಕೋಣೆಗೆ ಕೋಣೆ ಬದಲಿಸಿದ್ದು ಅಲ್ಲ. ಹಾಗೆಯೇ ಬೆಲೆಗೆ ಎರಡೂ ತುದಿಯಲ್ಲಿ ಹೋಲಿಕೆ ಸಿಗದಿದ್ದರೆ ಎಎಸ್ 9 ದಾರಿ ತೋರಿಸಿದೆ: ಪ್ರತಿಫಲವನ್ನು ಸಮಂಜಸ ಮಿತಿಯೊಳಗೆ ನಿರ್ಧರಿಸಲಾಗದಿದ್ದರೆ ಆದಾಯ ಬರೆಯುವುದನ್ನು ಮುಂದೂಡಬೇಕು.

ಜಿಎಸ್‌ಟಿ ಬಗ್ಗೆ ಚಿಕ್ಕದಾಗಿ. 2017ರ ಕಾಯ್ದೆಯ 7ನೇ ಸೆಕ್ಷನ್ ವಿನಿಮಯವನ್ನೂ ಪೂರೈಕೆ ಎಂದೇ ಹೆಸರಿಸಿದೆ, ನಿಯಮ 27 ಮುಕ್ತ ಮಾರುಕಟ್ಟೆ ಮೌಲ್ಯದಿಂದ ಶುರುಮಾಡುತ್ತದೆ. ಇಬ್ಬರೂ ನೋಂದಾಯಿತರಾದರೆ ಎರಡು ಇನ್‌ವಾಯ್ಸ್ ಬೇಕು, ಒಂದರ ವಿರುದ್ಧ ಇನ್ನೊಂದನ್ನು ವಜಾ ಮಾಡಿ ಸುಮ್ಮನಿರುವಂತಿಲ್ಲ. ಆದರೆ ತೆರಿಗೆ ಯಾವಾಗ ಎಂಬುದು ಪುಸ್ತಕದ ಆದಾಯವನ್ನು ಹಿಂಬಾಲಿಸುವುದಿಲ್ಲ. ಸೇವೆಗೆ ಮುಂಗಡ ಬಂದಾಗಲೇ ಬಾಧ್ಯತೆ ಹುಟ್ಟುವ ನಿಯಮ ಇರುವುದರಿಂದ, ರೆಸಾರ್ಟಿನ ತೆರಿಗೆ ಫೆಬ್ರವರಿಗೇ ಬೀಳುತ್ತದೆಯೇ ಎಂದು ಒಪ್ಪಂದದ ದಿನವೇ ಯೋಚಿಸಿರಬೇಕು.

ನಿಮ್ಮ ಕಡತದಲ್ಲಿ ಒಪ್ಪಂದದ ಪ್ರತಿ, ಸ್ಟುಡಿಯೊದ ಆ ಎರಡು ಬಿಲ್ ಮತ್ತು ಅವುಗಳ ಹಣ ಬಂದ ಬ್ಯಾಂಕ್ ನಮೂದು, ಹಿಂದಿನ ವರ್ಷದ ಜೂನ್–ಆಗಸ್ಟ್ ರಸೀದಿಗಳ ಸರಾಸರಿ, ಮಾರ್ಚ್ 31ಕ್ಕೆ ಬಾಕಿ ಉಳಿದ ರಾತ್ರಿಗಳಿಗೆ ಸ್ಟುಡಿಯೊದವರ ಲಿಖಿತ ದೃಢೀಕರಣ ಇಷ್ಟು ಇದ್ದರೆ ಒಪ್ಪಬಹುದು. ಬಿಲ್‌ಗಳನ್ನು ತೋರಿಸಲು ಸ್ಟುಡಿಯೊ ಹಿಂಜರಿದರೆ ಗಿರಾಕಿಗಳ ಹೆಸರು ಮರೆಮಾಡಿ ಕೊಡಲು ಹೇಳಿ. ಅದೂ ಸಿಗದಿದ್ದರೆ ಕೋಣೆಯ ಸರಾಸರಿಯೊಂದನ್ನೇ ಹಿಡಿದು 1,36,000ಕ್ಕೆ ಬರೆಯಲು ಕಕ್ಷಿದಾರರಿಗೆ ತಿಳಿಸಿ.

— ಸಂ.