ಆದಿಕಾಂಡದ ‘ಯೋಮ್’ ಅಂದರೆ 24 ಗಂಟೆಯ ದಿನವೇ?

“ಸೃಷ್ಟಿಯ ಕಥೆಯಲ್ಲಿ ‘ದಿನ’ ಅನ್ನೋದಕ್ಕೆ ಹೀಬ್ರೂನಲ್ಲಿ ‘ಯೋಮ್’ ಅಂತ ಇದೆಯಂತೆ. ಅದಕ್ಕೆ ‘ಯುಗ’ ಅನ್ನೋ ಅರ್ಥವೂ ಇದೆ ಅಂತ ಒಬ್ಬರು ಹೇಳ್ತಾರೆ. ಸಂಖ್ಯೆ ಜೊತೆ ಬಂದರೆ 24 ಗಂಟೆಯೇ ಅಂತ ಇನ್ನೊಬ್ಬರು. ಯಾವುದು ಸರಿ?”

ನನ್ನ ಉತ್ತರ: ಒಂದನೇ ಅಧ್ಯಾಯದಲ್ಲಿ ಲೆಕ್ಕ ಹಾಕಿರುವ ಆರು ದಿನಗಳು ನಾವು ದಿನಾ ನೋಡುವಂಥ ದಿನಗಳೇ. ಆದರೆ ಅದಕ್ಕೆ ಆ ಇನ್ನೊಬ್ಬರು ಕೊಡುವ ಕಾರಣ ಗಟ್ಟಿಯಲ್ಲ.

ಮೊದಲು ಆದಿಕಾಂಡ 1:5 ನೋಡಿ. ಕನ್ನಡ ಬೈಬಲಿನಲ್ಲಿ ದೇವರು ಬೆಳಕಿಗೆ ‘ಹಗಲು’ ಎಂದು ಹೆಸರಿಡುತ್ತಾನೆ, ವಚನದ ಕೊನೆಯಲ್ಲಿ ‘ದಿನ’ ಮುಗಿಯುತ್ತದೆ. ಕನ್ನಡದಲ್ಲಿ ಎರಡು ಪದ. ಹೀಬ್ರೂನಲ್ಲಿ ಎರಡೂ ಕಡೆ ಯೋಮ್ ಒಂದೇ. ನಾನು ಮೊದಲ ಸಲ ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದಾಗ ಅಲ್ಲೇ ನಿಂತುಬಿಟ್ಟೆ. ಒಂದೇ ವಚನದಲ್ಲಿ ಆ ಪದ ಮೊದಲು ಬೆಳಕಿರುವ ಹೊತ್ತನ್ನು ಮಾತ್ರ ಹೇಳುತ್ತದೆ, ಆಮೇಲೆ ಕತ್ತಲೆಯನ್ನೂ ಸೇರಿಸಿಕೊಂಡ ಇಡೀ ದಿನವನ್ನು ಹೇಳುತ್ತದೆ. ನಮ್ಮನ್ನು ಆ ಎರಡನೇ ಅರ್ಥಕ್ಕೆ ಕರೆದುಕೊಂಡು ಹೋಗುವುದು ನಡುವೆ ಇರುವ ಮಾತು: ‘ಎರೆವ್’ ಆಯಿತು, ‘ಬೋಕೆರ್’ ಆಯಿತು. ಅಂದರೆ ಸಂಜೆಯಾಯಿತು, ಬೆಳಗಾಯಿತು. ಕೆಲಸದ ಹಗಲು ಮುಗಿದು ಸಂಜೆಯಾಗಿ, ರಾತ್ರಿ ಕಳೆದು ಬೆಳಕು ಹರಿಯುತ್ತದೆ. ಆರೂ ದಿನಕ್ಕೂ ಇದೇ ಮಾತು ತಿರುಗಿ ತಿರುಗಿ ಬರುತ್ತದೆ. ಯುಗಕ್ಕೆ ಸಂಜೆ, ಬೆಳಗು ಅಂತ ಇರುವುದಿಲ್ಲ ಅಲ್ವಾ? ನನಗೆ ಇದೇ ಬಲವಾದ ಆಧಾರ.

ಇನ್ನೊಂದು ಸಣ್ಣ ಸಂಗತಿ. ಅನುವಾದದಲ್ಲಿ ‘ಮೊದಲನೆಯ ದಿನ’ ಎಂದಿದೆ. ಮೂಲದಲ್ಲಿರುವುದು ‘ಯೋಮ್ ಎಹಾದ್’, ಅಂದರೆ ‘ಒಂದು ದಿನ’. ‘ಮೊದಲನೆಯ’ ಎನ್ನಲು ಹೀಬ್ರೂನಲ್ಲಿ ‘ರಿಶೋನ್’ ಅಂತ ಬೇರೆ ಪದವೇ ಇದೆ, ಅದನ್ನು ಇಲ್ಲಿ ಬಳಸಿಲ್ಲ. ಆಮೇಲೆ ಮಾತ್ರ ಎರಡನೆಯ, ಮೂರನೆಯ ಎಂದು ಎಣಿಕೆ ನಡೆಯುತ್ತದೆ. ಒಂದು ಕತ್ತಲೆ, ಒಂದು ಬೆಳಕು ಸೇರಿದರೆ ಒಂದು ದಿನ ಎಂದು ಮೊದಲು ಅಳತೆ ಹಾಕಿಕೊಟ್ಟು, ಆಮೇಲೆ ಎಣಿಸಲು ಶುರುಮಾಡಿದ ಹಾಗೆ ನನಗೆ ಕೇಳಿಸುತ್ತದೆ.

ಇನ್ನು ಸಂಖ್ಯೆಯ ನಿಯಮ. ಸಂಖ್ಯೆ ಜೊತೆ ಬಂದಾಗ ಯೋಮ್ ಸಾಮಾನ್ಯವಾಗಿ ನಮ್ಮ ದಿನವೇ, ನಿಜ. ಆದರೆ ಇದು ವ್ಯಾಕರಣದ ಕಟ್ಟಳೆಯಲ್ಲ. ಜೆಕರ್ಯ 14:7ರಲ್ಲಿ ಇದೇ ‘ಯೋಮ್ ಎಹಾದ್’ ಇದೆ. ಅದು ಹಗಲೂ ಅಲ್ಲದ, ಇರುಳೂ ಅಲ್ಲದ, ಸಂಜೆಯಲ್ಲೂ ಬೆಳಕಿರುವ ದಿನ. ಹೋಶೇಯ 6:2ರಲ್ಲಿ ಎರಡು ದಿನದ ಮೇಲೆ ಬದುಕಿಸುವನು, ಮೂರನೆಯ ದಿನ ಎಬ್ಬಿಸುವನು ಎಂದಿದೆ. ಅಲ್ಲಿ ಯಾರೂ ಗಡಿಯಾರ ಹಿಡಿದು ಎಣಿಸುವುದಿಲ್ಲ, ‘ಬೇಗನೆ’ ಅನ್ನುವುದೇ ಅದರ ಭಾವ.

ಯುಗ ಅನ್ನುವವರು ಜಾಸ್ತಿ ತೋರಿಸುವುದು ಆದಿಕಾಂಡ 2:4. ಇಡೀ ಸೃಷ್ಟಿ ‘ಬೆಯೋಮ್’ ಆಯಿತು, ಅಂದರೆ ‘ದಿನದಲ್ಲಿ’, ಹಾಗಾದರೆ ಆರು ದಿನವೂ ಒಂದೇ ದಿನವಾಯಿತಲ್ಲ ಅಂತ ಅವರ ವಾದ. ಆದರೆ ‘ಬೆಯೋಮ್’ ಜೊತೆ ಹೀಗೆ ಕ್ರಿಯಾಪದ ಬಂದಾಗ ಅದು ಸುಮ್ನೆ ‘ಉಂಟುಮಾಡಿದಾಗ’ ಅನ್ನುವ ಮಾತು. ನಾವೂ ‘ಒಂದಲ್ಲ ಒಂದು ದಿನ ಬರ್ತೀನಿ’ ಅಂತೀವಿ. ಹಾಗಂತ ‘ಆರು ದಿನ ರಜೆ’ ಅಂದಾಗ ದಿನದ ಅರ್ಥ ಬದಲಾಗುವುದಿಲ್ಲ. ವಿಮೋಚನಕಾಂಡ 20:9-11 ಕೂಡ ತೆಗೆದು ನೋಡಿ. ಆರು ದಿನ ದುಡಿ, ಏಳನೆಯದು ಸಬ್ಬತ್, ಯಾಕೆಂದರೆ ಯೆಹೋವನು ಆರು ದಿನಗಳಲ್ಲಿ ಎಲ್ಲವನ್ನೂ ಮಾಡಿದನು. ದುಡಿಯುವವನ ದಿನಕ್ಕೂ ದೇವರ ದಿನಕ್ಕೂ ಅಲ್ಲಿ ಒಂದೇ ಪದ.

ಇಷ್ಟಾದರೂ ಪದದಿಂದ ಇತ್ಯರ್ಥವಾಗದ ಒಂದು ಪ್ರಶ್ನೆ ಉಳಿಯುತ್ತದೆ: ಈ ವಾರವನ್ನು ನಡೆದ ಕ್ರಮದ ವರದಿಯಾಗಿ ಓದಬೇಕೋ, ಅಥವಾ ಸೃಷ್ಟಿಯನ್ನು ಒಂದು ವಾರದ ಚೌಕಟ್ಟಿನಲ್ಲಿ ಜೋಡಿಸಿ ಹೇಳಿದ್ದೋ? ಮೊದಲ ದಿನ ಬೆಳಕು, ನಾಲ್ಕನೇ ದಿನ ಸೂರ್ಯ ಚಂದ್ರ. ಎರಡನೇ ದಿನ ನೀರು ಮತ್ತು ಆಕಾಶ, ಐದನೇ ದಿನ ಮೀನು ಮತ್ತು ಹಕ್ಕಿ. ಮೂರನೇ ದಿನ ಒಣನೆಲ, ಆರನೇ ದಿನ ಅದರ ಮೇಲಿನ ಪ್ರಾಣಿ ಮತ್ತು ಮನುಷ್ಯ. ಈ ಜೋಡಣೆ ಕಣ್ಣಿಗೆ ಕಾಣುವಂಥದ್ದೇ. ಸೂರ್ಯನಿಲ್ಲದ ಮೊದಲ ಮೂರು ದಿನ ಎಂಥವು ಎಂಬ ಯೋಚನೆ ಡಾರ್ವಿನ್‌ ಬಂದ ಮೇಲೆ ಹುಟ್ಟಿದ್ದೂ ಅಲ್ಲ. 5ನೇ ಶತಮಾನದಲ್ಲೇ ಕ್ರೈಸ್ತ ಧರ್ಮಪಂಡಿತ ಅಗಸ್ಟೀನ್, ಇವು ಎಂಥ ದಿನಗಳೆಂದು ಊಹಿಸುವುದೇ ಕಷ್ಟ ಎಂದು ಬರೆದರು. ಅವರು ದಿನವನ್ನು ಯುಗವಾಗಿ ಎಳೆಯಲಿಲ್ಲ. ದೇವರು ಎಲ್ಲವನ್ನೂ ಒಮ್ಮೆಲೇ ಸೃಷ್ಟಿಸಿದನೆಂಬುದು ಅವರ ಅಭಿಪ್ರಾಯವಾಗಿತ್ತು.

ಹಾಗಾಗಿ ಆ ಇಬ್ಬರ ಜೊತೆ ಮುಂದೆ ಮಾತಾಡುವಾಗ ನಿಘಂಟು ಪಕ್ಕಕ್ಕಿಟ್ಟು, ನಾಲ್ಕನೇ ದಿನದಿಂದ ಶುರುಮಾಡಿ.